ಮಾತಿಲ್ಲದ ವಿಡಿಯೊಗೆ ಡಿಸ್ಕ್ರಿಪ್ಷನ್ ಬರೆಯುವುದು ಹೇಗೆ: ಲಿರಿಕಲ್ ವಿಡಿಯೊ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಅಡುಗೆಯದೋ ಪಾಠದ್ದೋ ವಿಡಿಯೊ ಆದರೆ ಅದರಲ್ಲಿ ಒಬ್ಬರು ಮಾತಾಡುತ್ತಿರುತ್ತಾರೆ. ಆ ಮಾತನ್ನು ಯೂಟ್ಯೂಬ್ ಅಕ್ಷರಕ್ಕಿಳಿಸಿಕೊಂಡು, ವಿಡಿಯೊ ಯಾವುದರ ಬಗ್ಗೆ ಎಂದು ಒಂದಷ್ಟಾದರೂ ಊಹಿಸಬಹುದು. ಲಿರಿಕಲ್ ವಿಡಿಯೊದಲ್ಲಿ ಮಾತೇ ಇಲ್ಲ. ಹಾಡಿದ ಪದಗಳು ವಾದ್ಯಗಳ ನಡುವೆ ಸಿಕ್ಕಿಕೊಂಡಿರುತ್ತವೆ, ತಂತಾನೇ ಮೂಡುವ ಸಬ್‌ಟೈಟಲ್ ಅಲ್ಲಿ ಎಡವುವುದೇ ಹೆಚ್ಚು. ಪರದೆಯ ಮೇಲೆ ಅಷ್ಟು ಚೆಂದದ ಅಕ್ಷರದಲ್ಲಿ ಸಾಹಿತ್ಯ ಓಡುತ್ತದಲ್ಲ ಎನ್ನಬಹುದು. ಆದರೆ ಅದು ಚಿತ್ರದೊಳಗಿನ ಅಕ್ಷರ. ಹುಡುಕಾಟಕ್ಕೆ ಅದು ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಫೋಟೊಗಳನ್ನು ಸಂಗೀತದ ಮೇಲೆ ಜೋಡಿಸಿದ ಸ್ಲೈಡ್‌ಶೋಗೂ ಇದೇ ಪಾಡು.

ಯೂಟ್ಯೂಬ್ ತನ್ನ ಹುಡುಕಾಟದ ಬಗ್ಗೆ ಹೇಳುವಾಗ, ಶೀರ್ಷಿಕೆ, ಟ್ಯಾಗ್, ಡಿಸ್ಕ್ರಿಪ್ಷನ್ ಮತ್ತು ವಿಡಿಯೊದ ಒಳಗಿನ ವಿಷಯ, ಇವು ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತವೆ ಎಂದು ನೋಡುವುದಾಗಿ ತಿಳಿಸುತ್ತದೆ. ನಮ್ಮ ವಿಷಯದಲ್ಲಿ ಕೊನೆಯದು ಹೆಚ್ಚುಕಡಿಮೆ ಮೂಕ. ಹಾಗಾಗಿ ಮಾತಾಡುವವರು ಇದ್ದಿದ್ದರೆ ಏನೇನು ಹೇಳುತ್ತಿದ್ದರೋ ಅದನ್ನೆಲ್ಲ ಬರಹವೇ ಹೇಳಬೇಕು. ಇಡೀ ಕೆಲಸವನ್ನು ಒಂದೇ ಉದಾಹರಣೆ ಹಿಡಿದು ಮಾಡೋಣ. ‘ಹೊರಟ ಹೆಜ್ಜೆಗೆ’ ಎಂಬ ಬೀಳ್ಕೊಡುಗೆ ಹಾಡು ಇದೆ ಎಂದುಕೊಳ್ಳಿ. ಬರೆದವರೂ ಹಾಡಿದವರೂ ನಮ್ಮದೇ ಬಳಗದವರು, ಉದ್ದ 4 ನಿಮಿಷ 12 ಸೆಕೆಂಡು, ಪಲ್ಲವಿ ಹೀಗಿದೆ:

ಹೊರಟ ಹೆಜ್ಜೆಗೆ ನೆರಳಾಗಿ ಬರಲಿ
ನಾವು ಕೂಡಿ ಕಳೆದ ಸಂಜೆಗಳು
ತಿರುವಿನಾಚೆಗೆ ಕೈ ಬೀಸುವಾಗ
ಮರಳಿ ಬರಲಿ ಹಳೆಯ ನಗೆಗಳು

ಮೊದಲು, ಹುಡುಕುವವರು ಏನು ಟೈಪ್ ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳಿ

ಡಿಸ್ಕ್ರಿಪ್ಷನ್ ಪೆಟ್ಟಿಗೆ ತೆರೆಯುವ ಮೊದಲು ಖಾಲಿ ಹಾಳೆಯೊಂದನ್ನು ಎಳೆದುಕೊಳ್ಳಿ. ಹೊಸ ಹಾಡಿನ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಹೆಸರಿನಿಂದ ಹುಡುಕುವವರು ನಿಮ್ಮ ಪರಿಚಯದವರಷ್ಟೇ. ಉಳಿದವರು ಬರುವ ದಾರಿ ಬೇರೆ. ಒಬ್ಬರಿಗೆ ಎಲ್ಲೋ ಕಿವಿಗೆ ಬಿದ್ದ ಒಂದು ಸಾಲು ನೆನಪಿದೆ, ಅದೂ ಪಲ್ಲವಿಯದ್ದೇ ಆಗಬೇಕೆಂದಿಲ್ಲ, ಚರಣದ ನಡುವಿನದಿರಬಹುದು. ಇನ್ನೊಬ್ಬರಿಗೆ ಹಾಡು ಗೊತ್ತೇ ಇಲ್ಲ, ಸಂದರ್ಭ ಗೊತ್ತು: ಸಹೋದ್ಯೋಗಿಯ ನಿವೃತ್ತಿ, ಕಡೆಯ ವರ್ಷದ ವಿದ್ಯಾರ್ಥಿಗಳ ವಿದಾಯ. ಅವರು ‘ಬೀಳ್ಕೊಡುಗೆ ಹಾಡು ಸಾಹಿತ್ಯ’ ಎಂದು ಹುಡುಕುತ್ತಾರೆ, ಏಕೆಂದರೆ ಅವರಿಗೆ ಬೇಕಿರುವುದು ಕೇಳಲಲ್ಲ, ಹಾಡಲು. ಮೂರನೆಯವರು ಕನ್ನಡ ಕೀಲಿಮಣೆ ಮುಟ್ಟದೆ farewell song kannada lyrics ಎಂದೋ horata hejjege ಎಂದೋ ಬಡಿಯುತ್ತಾರೆ.

ಈ ಊಹೆಗಳನ್ನು ಪರೀಕ್ಷಿಸಲು ಬ್ರೌಸರಿನ ಅಜ್ಞಾತ ಕಿಟಕಿಯಲ್ಲಿ ಯೂಟ್ಯೂಬ್ ತೆರೆದು, ಹುಡುಕುವ ಜಾಗದಲ್ಲಿ ‘ಬೀಳ್ಕೊಡುಗೆ’ ಎಂದಷ್ಟೇ ಟೈಪಿಸಿ ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳು ಬೇರೆಯವರು ನಿಜಕ್ಕೂ ಹುಡುಕುವ ಪದಗುಚ್ಛಗಳು. ‘ವಿದಾಯ’, ‘beelkoduge’, ‘farewell kannada’ ಎಂದೂ ಹಾಗೇ ನೋಡಿ. ಅಜ್ಞಾತ ಕಿಟಕಿ ಏಕೆಂದರೆ, ನಿಮ್ಮ ಖಾತೆಯಲ್ಲಿ ನೋಡಿದರೆ ನಿಮ್ಮದೇ ಹಳೆಯ ಹುಡುಕಾಟಗಳು ತಲೆ ಹಾಕುತ್ತವೆ. ಸಿಕ್ಕವುಗಳಲ್ಲಿ ನಿಮ್ಮ ಹಾಡಿಗೆ ನಿಜವಾಗಿ ಹೊಂದುವ ನಾಲ್ಕೈದನ್ನು ಉಳಿಸಿಕೊಳ್ಳಿ. ಮುಂದೆ ಬರೆಯುವ ವಾಕ್ಯಗಳಲ್ಲಿ ಇವೇ ಸಹಜವಾಗಿ ಬಂದು ಹೋಗಬೇಕು.

ಶೀರ್ಷಿಕೆ ಮತ್ತು ಮೊದಲ ಎರಡು ಸಾಲು

ಶೀರ್ಷಿಕೆಗೆ 100 ಅಕ್ಷರಗಳ ಮಿತಿ, ಡಿಸ್ಕ್ರಿಪ್ಷನ್‌ಗೆ 5000. ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ‘ಹೆಜ್ಜೆಗೆ’ ಎಂಬುದು ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಮಾತ್ರ ವ್ಯಂಜನ, ಗುಣಿತ ಚಿಹ್ನೆ, ಒತ್ತು ಸೇರಿ ಎಂಟು. ಹಾಗಾಗಿ ಎಣಿಕೆ ನೀವಂದುಕೊಂಡದ್ದಕ್ಕಿಂತ ಬೇಗ ಓಡುತ್ತದೆ. ಜೊತೆಗೆ ಶೀರ್ಷಿಕೆ ಉದ್ದವಾದಷ್ಟೂ ಫೋನಿನಲ್ಲಿ ತುದಿ ಕತ್ತರಿಸಿ ಕಾಣುತ್ತದೆ, ಮುಖ್ಯವಾದದ್ದು ಮುಂದೆಯೇ ಇರಲಿ. ನಮ್ಮ ಹಾಡಿಗೆ ನಾನು ಇಡುವ ಶೀರ್ಷಿಕೆ ಇದು, ಸುಮಾರು 70 ಅಕ್ಷರ:

```
ಹೊರಟ ಹೆಜ್ಜೆಗೆ | ಬೀಳ್ಕೊಡುಗೆ ಹಾಡು | ಸಾಹಿತ್ಯ ಸಹಿತ | Horata Hejjege Lyrics
```

ಡಿಸ್ಕ್ರಿಪ್ಷನ್‌ನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಒತ್ತದೆ ಕಾಣುತ್ತದೆ, ಉಳಿದದ್ದು ‘ಇನ್ನಷ್ಟು’ ಎಂಬುದರ ಹಿಂದೆ ಅಡಗಿರುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ತುಣುಕಾಗಿ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಈ ಭಾಗವೇ. ಆದರೆ ಹೆಚ್ಚಿನ ಲಿರಿಕಲ್ ವಿಡಿಯೊಗಳಲ್ಲಿ ಆ ಜಾಗ ಹೀಗಿರುತ್ತದೆ:

```
ದಯವಿಟ್ಟು ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ!!
ನಮ್ಮ ಹೊಸ ಹಾಡು ನಿಮಗಾಗಿ. ಕೇಳಿ ಆನಂದಿಸಿ.
```

ಇದರಲ್ಲಿ ಹಾಡಿನ ಬಗ್ಗೆ ಒಂದೇ ಒಂದು ಪದವಿಲ್ಲ. ಸಾವಿರ ವಿಡಿಯೊಗಳ ಕೆಳಗೆ ಅಂಟಿಸಿದರೂ ಸರಿಹೋಗುವ ಸಾಲು ಯಾವ ವಿಡಿಯೊವನ್ನೂ ಹುಡುಕಿಕೊಡುವುದಿಲ್ಲ. ಅದರ ಬದಲು:

```
‘ಹೊರಟ ಹೆಜ್ಜೆಗೆ ನೆರಳಾಗಿ ಬರಲಿ’ – ಬೀಳ್ಕೊಡುಗೆ ಮತ್ತು ನಿವೃತ್ತಿ ಸಮಾರಂಭಗಳಲ್ಲಿ
ಗುಂಪಾಗಿ ಹಾಡಬಹುದಾದ ಕನ್ನಡ ಭಾವಗೀತೆ, ಪೂರ್ಣ ಸಾಹಿತ್ಯದೊಂದಿಗೆ.
```

ಪಲ್ಲವಿಯ ಮೊದಲ ಸಾಲು, ಸಂದರ್ಭ, ಹಾಡಿನ ಬಗೆ, ಸಾಹಿತ್ಯ ಇದೆ ಎಂಬ ಮಾತು, ಎಲ್ಲವೂ ಎರಡು ಸಾಲಿನಲ್ಲಿ ಬಂತು. ‘ಗುಂಪಾಗಿ’ ಎಂಬುದನ್ನು ಬೇಕೆಂದೇ ಇಟ್ಟಿದ್ದೇನೆ. ಬೀಳ್ಕೊಡುಗೆಗೆ ಹಾಡು ಹುಡುಕುವವರಿಗೆ ಒಬ್ಬರು ಹಾಡುವುದೋ ಹತ್ತು ಜನ ಹಾಡಬಹುದೋ ಎಂಬುದೇ ಮೊದಲ ಪ್ರಶ್ನೆ.

ಒಂದು ಸಣ್ಣ ಎಚ್ಚರಿಕೆ: ಅಲಂಕಾರಕ್ಕೆಂದು < ಅಥವಾ > ಚಿಹ್ನೆ ಹಾಕಬೇಡಿ. ಯೂಟ್ಯೂಬ್ ಡಿಸ್ಕ್ರಿಪ್ಷನ್‌ನಲ್ಲಿ ಅವೆರಡನ್ನೂ ಒಪ್ಪುವುದಿಲ್ಲ.

ಪೂರ್ಣ ಸಾಹಿತ್ಯ: ಹೆಚ್ಚು ಕೆಡುವುದು ಇಲ್ಲೇ

ಮೊದಲು ಹಕ್ಕಿನ ಪ್ರಶ್ನೆ. ಹಾಡಿನ ಧ್ವನಿಮುದ್ರಣದ ಹಕ್ಕು ಒಂದು, ಸಾಹಿತ್ಯದ ಹಕ್ಕು ಇನ್ನೊಂದು. ರಾಗಕ್ಕೆ ಅನುಮತಿ ಸಿಕ್ಕ ಮಾತ್ರಕ್ಕೆ ಸಾಹಿತ್ಯವನ್ನು ಬರಹವಾಗಿ ಪ್ರಕಟಿಸಲು ಅನುಮತಿ ಸಿಕ್ಕಂತಲ್ಲ. ಕವಿಯ ಒಪ್ಪಿಗೆ ಇಲ್ಲದಿದ್ದರೆ ಪೂರ್ಣ ಸಾಹಿತ್ಯ ಹಾಕಬೇಡಿ. ಹಾಡಿನ ಭಾವ, ಸಂದರ್ಭವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಒಪ್ಪಿಗೆ ಇದೆ, ಮುಂದುವರಿಯೋಣ.

ಕನ್ನಡದ ಲಿರಿಕಲ್ ವಿಡಿಯೊಗಳಿಗೆ ತಟ್ಟುವ ದೊಡ್ಡ ಪೆಟ್ಟು ಫಾಂಟಿನದು. ಪರದೆಯ ಮೇಲಿನ ಅಕ್ಷರವನ್ನು ಸಿದ್ಧಪಡಿಸುವ ಕಲಾವಿದರು ಎಷ್ಟೋ ಸಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳನ್ನು ಬಳಸುತ್ತಾರೆ. ವಿನ್ಯಾಸದಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ. ಅದೇ ಕಡತದಿಂದ ಸಾಹಿತ್ಯವನ್ನು ಕಾಪಿ ಮಾಡಿ ಡಿಸ್ಕ್ರಿಪ್ಷನ್‌ಗೆ ಅಂಟಿಸಿದರೆ ‘ಕನ್ನಡ’ ಇದ್ದ ಜಾಗದಲ್ಲಿ PÀ£ÀßqÀ ಎಂದು ಬರುತ್ತದೆ. ಏಕೆಂದರೆ ಆ ಕಡತದೊಳಗೆ ಇದ್ದದ್ದು ಕನ್ನಡ ಅಕ್ಷರಗಳೇ ಅಲ್ಲ. ಲ್ಯಾಟಿನ್ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿತ್ತು, ಅಷ್ಟೇ. ಇಷ್ಟು ಢಾಳಾಗಿ ಕೆಟ್ಟರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಉಳಿಯುವ ಸಣ್ಣ ದೋಷಗಳೇ ಅಪಾಯ: ಅರ್ಕಾವೊತ್ತು ಜಾಗ ತಪ್ಪಿರುತ್ತದೆ, ಒತ್ತಕ್ಷರದ ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದು ಉಳಿದಿರುತ್ತದೆ, ಗುಣಿತದ ದೀರ್ಘ ಬಿಟ್ಟುಹೋಗಿರುತ್ತದೆ.

ಇದನ್ನು ಪತ್ತೆ ಹಚ್ಚುವ ವಿಧಾನ ಸುಲಭ. ಸಾಹಿತ್ಯವನ್ನು ಬ್ರೌಸರಿನಲ್ಲಿ ತೆರೆದ ಯಾವುದಾದರೂ ಬರಹದ ಪುಟಕ್ಕೆ ಅಂಟಿಸಿ. Ctrl+F ಒತ್ತಿ, ‘ಹೆಜ್ಜೆಗೆ’ ಎಂದು ನಿಮ್ಮ ಕೈಯಾರೆ ಹೊಸದಾಗಿ ಟೈಪ್ ಮಾಡಿ. ಪುಟದಲ್ಲಿ ಪದ ಕಣ್ಣೆದುರೇ ಇದ್ದೂ ಬ್ರೌಸರ್ ‘ಸಿಗಲಿಲ್ಲ’ ಎಂದರೆ, ಒಳಗಿನ ಸಂಕೇತ ಬೇರೆ ಇದೆ ಎಂದರ್ಥ. ಒತ್ತಕ್ಷರ, ಅರ್ಕಾವೊತ್ತು, ‘ೊ’ ‘ೋ’ ಇರುವ ಏಳೆಂಟು ಪದಗಳನ್ನು ಹೀಗೆ ಹುಡುಕಿ ನೋಡಿ. ಒಂದು ಸೋತರೂ ಇಡೀ ಸಾಹಿತ್ಯವನ್ನು ಮತ್ತೆ ಟೈಪ್ ಮಾಡುವುದೇ ವಾಸಿ. ಹಾಡಿನ ಸಾಹಿತ್ಯ ಎಷ್ಟಿದ್ದರೂ ಇಪ್ಪತ್ತು ಮೂವತ್ತು ಸಾಲು, ಅದನ್ನು ತೇಪೆ ಹಾಕುತ್ತಾ ಕೂರುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

ಇನ್ನು ಬರೆಯುವ ರೀತಿ. ಪರದೆಯ ಮೇಲೆ ‘ನೆರ – ಳಾಗಿ’ ಎಂದು ತಾಳಕ್ಕೆ ತಕ್ಕಂತೆ ಒಡೆದಿದ್ದರೂ ಇಲ್ಲಿ ‘ನೆರಳಾಗಿ’ ಎಂದು ಇಡಿಯಾಗಿ ಬರೆಯಿರಿ. ‘ಬರಲೀಈಈ’ ಎಂದು ಆಲಾಪವನ್ನು ಎಳೆದು ಬರೆದರೆ ಆ ಪದವನ್ನು ಯಾರೂ ಎಂದಿಗೂ ಹುಡುಕುವುದಿಲ್ಲ. ಪಲ್ಲವಿಯನ್ನು ಒಮ್ಮೆ ಪೂರ್ತಿ ಕೊಟ್ಟರೆ ಸಾಕು, ಪ್ರತಿ ಚರಣದ ನಂತರವೂ ಮತ್ತೆ ಅಂಟಿಸುವುದು ಬೇಡ, ಆದರೆ ಚರಣಗಳನ್ನು ಒಂದು ಸಾಲೂ ಬಿಡದೆ ಕೊಡಿ. ಅರ್ಧಂಬರ್ಧ ನೆನಪಿಟ್ಟುಕೊಂಡು ಬರುವವರು ಸಿಗುವುದು ಆ ನಡುವಿನ ಸಾಲುಗಳಿಂದಲೇ.

ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು?

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ಒಪ್ಪಿತ ಕಾಗುಣಿತವೆಂಬುದು ಬಳಕೆಯಲ್ಲಿಲ್ಲ. ‘ಬೀಳ್ಕೊಡುಗೆ’ಯನ್ನು ಒಬ್ಬರು beelkoduge ಎಂದರೆ ಇನ್ನೊಬ್ಬರು bilkoduge ಎನ್ನುತ್ತಾರೆ. ಎಲ್ಲ ರೂಪಗಳನ್ನೂ ಒಂದರ ಪಕ್ಕ ಒಂದು ಪೇರಿಸುವ ಆಸೆ ಇಲ್ಲಿ ಹುಟ್ಟುತ್ತದೆ. ಅದನ್ನು ತಡೆದುಕೊಳ್ಳಿ. ಡಿಸ್ಕ್ರಿಪ್ಷನ್‌ನಲ್ಲಿ ಟ್ಯಾಗುಗಳನ್ನು ರಾಶಿ ಹಾಕುವುದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ವಿಡಿಯೊ ತೆಗೆದುಹಾಕುವವರೆಗೂ ಹೋಗಬಹುದು. ಹಾಡಿಗೆ ಸಂಬಂಧವೇ ಇಲ್ಲದ ಜನಪ್ರಿಯ ಗಾಯಕರ ಹೆಸರು ಸೇರಿಸುವುದೂ ಅಷ್ಟೇ.

ನಾನು ಮಾಡುವುದು ಹೀಗೆ: ಸಾಹಿತ್ಯದ ಕೆಳಗೆ ಪಲ್ಲವಿಯನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಜನ ಫೋನಿನಲ್ಲಿ ಮೆಸೇಜ್ ಮಾಡುವಾಗ ಬಳಸುವ ಸರಳ ಕಾಗುಣಿತದಲ್ಲಿ ಕೊಡುತ್ತೇನೆ: Horata hejjege neralagi barali, naavu koodi kaleda sanjegalu. ದೀರ್ಘಕ್ಕೆ ಮೇಲೆ ಗೆರೆ, ಳಕಾರಕ್ಕೆ ಕೆಳಗೆ ಚುಕ್ಕೆ ಹಾಕುವ ಪಾಂಡಿತ್ಯದ ಲಿಪಿ ಇಲ್ಲಿ ಬೇಡ, ಅದನ್ನು ಯಾರೂ ಟೈಪ್ ಮಾಡುವುದಿಲ್ಲ. ಬೇರೆ ಕಾಗುಣಿತಗಳಿಗೆ ಟ್ಯಾಗ್ ಪೆಟ್ಟಿಗೆ ಇದೆ. ಹುಡುಕಾಟದಲ್ಲಿ ಟ್ಯಾಗಿನ ಪಾತ್ರ ತೀರಾ ಕಡಿಮೆ, ಜನ ಸಾಮಾನ್ಯವಾಗಿ ತಪ್ಪು ಬರೆಯುವ ಪದಗಳಿಗೆ ಮಾತ್ರ ಅದು ಉಪಯೋಗ ಎಂದು ಯೂಟ್ಯೂಬೇ ಹೇಳುತ್ತದೆ. bilkoduge ಹೋಗಬೇಕಾದ್ದು ಅಲ್ಲಿಗೆ.

ನಿರೂಪಕರು ಹೇಳಬೇಕಿದ್ದ ಮಾತು

ಸಾಹಿತ್ಯ ಅಂಟಿಸಿ ಮುಗಿಸುವವರೇ ಹೆಚ್ಚು. ಆದರೆ ಕವಿತೆಯ ಒಂದು ಗುಣ ಇಲ್ಲಿ ನಮಗೆ ತೊಡಕಾಗುತ್ತದೆ: ಅದು ತನ್ನ ವಿಷಯದ ಹೆಸರನ್ನೇ ಹೇಳುವುದಿಲ್ಲ. ಮೇಲಿನ ಪಲ್ಲವಿಯನ್ನು ಮತ್ತೊಮ್ಮೆ ಓದಿ. ‘ಬೀಳ್ಕೊಡುಗೆ’ ಎಂಬ ಪದ ಎಲ್ಲೂ ಇಲ್ಲ, ‘ವಿದಾಯ’ವೂ ಇಲ್ಲ, ‘ಸ್ನೇಹ’ವೂ ಇಲ್ಲ. ಹೆಜ್ಜೆ, ನೆರಳು, ಸಂಜೆ, ತಿರುವು ಇವೆ. ಹಾಡಿಗೆ ಅದೇ ಚೆಲುವು, ಹುಡುಕುವವರಿಗೆ ಅದೇ ಗೋಡೆ. ಆದ್ದರಿಂದ ಸಾಹಿತ್ಯಕ್ಕಿಂತ ಮೇಲೆ, ಮೊದಲ ಎರಡು ಸಾಲಿನ ಕೆಳಗೆ, ಸರಳ ಗದ್ಯದ ಒಂದು ಪ್ಯಾರಾ ಇರಬೇಕು.

```
ಒಟ್ಟಿಗೆ ಓದಿದ, ಒಟ್ಟಿಗೆ ದುಡಿದ ಗೆಳೆಯರೊಬ್ಬರು ಬೇರೆ ಊರಿಗೆ ಹೊರಟಾಗ ಉಳಿದವರು
ಹೇಳುವ ವಿದಾಯದ ಮಾತು ಈ ಹಾಡು. ಅಳುವಿಗಿಂತ ಹಾರೈಕೆಯೇ ಹೆಚ್ಚು. ನಿಧಾನ ಲಯ,
ಕೊಳಲು ಮತ್ತು ಗಿಟಾರ್ ಮಾತ್ರ. ತರಬೇತಿ ಇಲ್ಲದವರೂ ಹಾಡಬಹುದಾದ ಸರಳ ರಾಗ.
ಎರಡನೇ ಚರಣವನ್ನು ಬಿಟ್ಟರೆ ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತದೆ.
```

ಕೊನೆಯ ವಾಕ್ಯ ನೋಡಿ. ಸಮಾರಂಭದಲ್ಲಿ ಹಾಡಲು ಹೊರಟವರಿಗೆ ಎಷ್ಟು ಹೊತ್ತು ಎಂಬುದು ನಿಜಕ್ಕೂ ಬೇಕಾದ ಮಾಹಿತಿ, ಅದನ್ನು ವಿಡಿಯೊ ನೋಡಿ ತಿಳಿಯುವಂತಿಲ್ಲ. ‘ಮನಮುಟ್ಟುವ’, ‘ಅದ್ಭುತ’, ‘ಸೂಪರ್ ಹಿಟ್’ ಇಂಥ ಪದಗಳನ್ನು ಬಿಟ್ಟು, ಆ ಜಾಗವನ್ನು ವಾದ್ಯ, ಲಯ, ಸಂದರ್ಭ, ಯಾರು ಯಾರಿಗೆ ಹೇಳುವ ಹಾಡು ಎಂಬುದಕ್ಕೆ ಕೊಡಿ.

ಸ್ಲೈಡ್‌ಶೋ ಆದರೆ ಈ ಪ್ಯಾರಾವೇ ಪ್ರಾಣ, ಏಕೆಂದರೆ ಅಲ್ಲಿ ಅಂಟಿಸಲು ಸಾಹಿತ್ಯವೂ ಇರುವುದಿಲ್ಲ. ಪ್ರತಿ ಫೋಟೊ ಗುಂಪಿಗೂ ಒಂದು ಪೂರ್ಣ ವಾಕ್ಯ ಬರೆಯಿರಿ: ಜಾಗದ ಹೆಸರು, ತಿಂಗಳು ಮತ್ತು ವರ್ಷ, ಚಿತ್ರದಲ್ಲಿ ನಡೆಯುತ್ತಿರುವುದೇನು. ‘ನೆನಪುಗಳು’ ಎಂಬುದು ಸಾಲದು, ಯಾವ ಜಾಗದ, ಯಾವ ವರ್ಷದ, ಯಾರ ನೆನಪು ಎಂಬುದು ಬೇಕು. ಫೋಟೊದಲ್ಲಿರುವವರ ಹೆಸರನ್ನು ಮಾತ್ರ ಅವರನ್ನು ಕೇಳಿಯೇ ಹಾಕಿ.

ಇದರ ಕೆಳಗೆ ಸಾಹಿತ್ಯ, ರಾಗ ಸಂಯೋಜನೆ, ಗಾಯನ, ವಾದ್ಯ, ಚಿತ್ರಗಳು, ವಿನ್ಯಾಸ ಎಂದು ಹೆಸರುಗಳು ಬರುತ್ತವೆ. ಒಬ್ಬರ ಹೆಸರನ್ನು ಎಲ್ಲ ವಿಡಿಯೊಗಳಲ್ಲೂ ಒಂದೇ ಕಾಗುಣಿತದಲ್ಲಿ ಬರೆಯಿರಿ.

ಸಮಯದ ಗುರುತುಗಳು

ಡಿಸ್ಕ್ರಿಪ್ಷನ್‌ನಲ್ಲಿ ಸಮಯ ಬರೆದರೆ ಯೂಟ್ಯೂಬ್ ವಿಡಿಯೊವನ್ನು ಅಧ್ಯಾಯಗಳಾಗಿ ಒಡೆದು ತೋರಿಸುತ್ತದೆ. ಮೊದಲ ಗುರುತು 00:00 ಆಗಿರಬೇಕು, ಕನಿಷ್ಠ ಮೂರು ಗುರುತುಗಳು ಏರುವ ಕ್ರಮದಲ್ಲಿರಬೇಕು, ಪ್ರತಿ ಅಧ್ಯಾಯ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ಇದರಲ್ಲಿ ಒಂದು ತಪ್ಪಿದರೂ ಅಧ್ಯಾಯಗಳು ಮೂಡುವುದಿಲ್ಲ, ಯಾಕೆಂದು ಹೇಳುವ ಸೂಚನೆಯನ್ನು ಕಾಯಬೇಡಿ, ಪ್ರಕಟಿಸಿದ ಮೇಲೆ ಪ್ಲೇಯರಿನ ಕೆಳಗಿನ ಪಟ್ಟಿ ತುಂಡಾಗಿ ಕಾಣುತ್ತಿದೆಯೇ ಎಂದು ನೀವೇ ನೋಡಿ.

```
00:00 ಆರಂಭದ ಕೊಳಲು
00:21 ಪಲ್ಲವಿ – ಹೊರಟ ಹೆಜ್ಜೆಗೆ ನೆರಳಾಗಿ ಬರಲಿ
01:18 ಮೊದಲ ಚರಣ – ಬೆಂಚಿನ ಮೇಲೆ ಕೆತ್ತಿದ ಹೆಸರು
02:34 ಎರಡನೇ ಚರಣ – ಮುಚ್ಚದ ಬಾಗಿಲು ನಮ್ಮ ಮನೆಯದು
```

‘ಚರಣ 1’, ‘ಚರಣ 2’ ಎಂದು ಬರೆದು ಬಿಡದೆ ಸಾಲನ್ನೇ ಹೆಸರಾಗಿ ಕೊಟ್ಟಿರುವುದು ಗಮನಿಸಿ. ಹಾಡಿನ ಅಭ್ಯಾಸ ಮಾಡುವವರು ಒಂದೇ ಚರಣಕ್ಕೆ ಮತ್ತೆ ಮತ್ತೆ ಮರಳುತ್ತಾರೆ, ಅವರಿಗೆ ಇದು ನೇರ ದಾರಿ.

ಹ್ಯಾಷ್‌ಟ್ಯಾಗ್ ಎರಡು ಮೂರು ಸಾಕು. #ಬೀಳ್ಕೊಡುಗೆಹಾಡು ಎಂಬಂತೆ ನಡುವೆ ಜಾಗ ಬಿಡದೆ ಕನ್ನಡದಲ್ಲೇ ಬರೆಯಬಹುದು. 60 ದಾಟಿದರೆ ಆ ವಿಡಿಯೊದ ಎಲ್ಲ ಹ್ಯಾಷ್‌ಟ್ಯಾಗುಗಳನ್ನೂ ಯೂಟ್ಯೂಬ್ ಕಡೆಗಣಿಸುತ್ತದೆ.

ಸಬ್‌ಟೈಟಲ್ ಕಡತ ಮತ್ತು ಎರಡನೇ ಭಾಷೆ

ಪರದೆಯ ಮೇಲೆ ಸಾಹಿತ್ಯ ಇರುವಾಗ ಸಬ್‌ಟೈಟಲ್ ಏಕೆ ಎಂದು ಹಲವರು ಕೇಳುತ್ತಾರೆ. ಪರದೆಯದು ಚಿತ್ರ, ಸಬ್‌ಟೈಟಲ್ ಪಠ್ಯ. ಪಠ್ಯವಾಗಿದ್ದರೆ ನೋಡುಗರು ಅದನ್ನು ಬೇರೆ ಭಾಷೆಗೆ ತಾವೇ ಅನುವಾದಿಸಿಕೊಂಡು ನೋಡಬಹುದು. ಡಿಸ್ಕ್ರಿಪ್ಷನ್‌ಗೆ ಇದು ಬದಲಿಯಲ್ಲ, ಜೊತೆಗಾರ. ಸಾಹಿತ್ಯ ಈಗಾಗಲೇ ಸರಿಯಾದ ಯೂನಿಕೋಡ್‌ನಲ್ಲಿದೆ, ಸಮಯ ಸೇರಿಸುವುದಷ್ಟೇ ಬಾಕಿ:

```
1
00:00:21,400 --> 00:00:27,900
ಹೊರಟ ಹೆಜ್ಜೆಗೆ ನೆರಳಾಗಿ ಬರಲಿ
ನಾವು ಕೂಡಿ ಕಳೆದ ಸಂಜೆಗಳು
```

ಕಡತವನ್ನು .srt ಎಂಬ ಕೊನೆಯೊಂದಿಗೆ, UTF-8 ಆಯ್ದುಕೊಂಡು ಉಳಿಸಿ. ಕನ್ನಡದ ಬದಲು ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಉಳಿಸುವಾಗ ಆ ಆಯ್ಕೆ ತಪ್ಪಿದೆ.

ಇಂಗ್ಲಿಷ್ ಡಿಸ್ಕ್ರಿಪ್ಷನ್ನನ್ನು ಕನ್ನಡದ ಕೆಳಗೇ ತುರುಕಬೇಕಿಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೊಗೆ ಭಾಷೆಯೊಂದನ್ನು ಸೇರಿಸಿದರೆ, ಆ ಭಾಷೆಯ ಶೀರ್ಷಿಕೆ ಮತ್ತು ಡಿಸ್ಕ್ರಿಪ್ಷನ್ ಬರೆಯಲು ಪ್ರತ್ಯೇಕ ಜಾಗ ಸಿಗುತ್ತದೆ. ಯೂಟ್ಯೂಬನ್ನು ಇಂಗ್ಲಿಷಿನಲ್ಲಿ ಬಳಸುವವರಿಗೆ ಅದು ಕಾಣುತ್ತದೆ, ಕನ್ನಡದಲ್ಲಿ ಬಳಸುವವರಿಗೆ ಮೂಲ. ಆದರೆ ಕನ್ನಡಿಗರಲ್ಲೇ ಎಷ್ಟೋ ಜನರ ಫೋನು ಇಂಗ್ಲಿಷಿನಲ್ಲಿರುತ್ತದೆ. ಹಾಗಾಗಿ ಇಂಗ್ಲಿಷ್ ರೂಪದಲ್ಲೂ ಹಾಡಿನ ಹೆಸರು ಮತ್ತು ಪಲ್ಲವಿ ಕನ್ನಡ ಲಿಪಿಯಲ್ಲಿ ಇದ್ದೇ ಇರಲಿ.

ಪ್ರಕಟಿಸಿದ ಮೇಲೆ ನೋಡಬೇಕಾದ್ದು

ಕೆಲವು ದಿನ ಬಿಟ್ಟು ಅಜ್ಞಾತ ಕಿಟಕಿಯಲ್ಲಿ ‘ಬೆಂಚಿನ ಮೇಲೆ ಕೆತ್ತಿದ ಹೆಸರು’ ಎಂದು ಹುಡುಕಿ. ಇಂಥ ಅಪರೂಪದ ಸಾಲಿಗೂ ವಿಡಿಯೊ ಬರದಿದ್ದರೆ ಫಾಂಟಿನ ದೋಷವನ್ನು ಮತ್ತೆ ಪರಿಶೀಲಿಸಿ, ವಿಡಿಯೊ ‘ಸಾರ್ವಜನಿಕ’ ಎಂದಿದೆಯೇ ನೋಡಿ. ಆ ಸಾಲಿಗೆ ಬಂದು, ‘ಬೀಳ್ಕೊಡುಗೆ ಹಾಡು’ ಎಂಬುದಕ್ಕೆ ಮೊದಲ ಪುಟಗಳಲ್ಲಿ ಬರದಿದ್ದರೆ ಗಾಬರಿ ಬೇಡ. ಅಲ್ಲಿ ಹಳೆಯ, ಜನ ಹೆಚ್ಚು ಹೊತ್ತು ನೋಡಿದ ವಿಡಿಯೊಗಳ ಜೊತೆ ಪೈಪೋಟಿ ಇದೆ, ಅದನ್ನು ಬರಹವೊಂದೇ ಗೆದ್ದುಕೊಡುವುದಿಲ್ಲ.

ಒಂದೆರಡು ತಿಂಗಳಾದ ಮೇಲೆ ಸ್ಟುಡಿಯೋದ ಅನಾಲಿಟಿಕ್ಸ್‌ನಲ್ಲಿ ವಿಡಿಯೊಗೆ ಜನ ಎಲ್ಲಿಂದ ಬಂದರು ಎಂಬ ಭಾಗಕ್ಕೆ ಹೋಗಿ, ‘ಯೂಟ್ಯೂಬ್ ಹುಡುಕಾಟ’ ತೆರೆಯಿರಿ. ಯಾವ ಪದಗಳಿಂದ ಬಂದರೆಂಬುದು ಅಲ್ಲಿರುತ್ತದೆ. ಬರಿಯ ನಿಮ್ಮ ಚಾನೆಲ್ ಹೆಸರು, ಹಾಡಿನ ಹೆಸರು ಇದ್ದರೆ ಅಪರಿಚಿತರು ಇನ್ನೂ ಬಂದಿಲ್ಲ ಎಂದರ್ಥ, ಗದ್ಯದ ಪ್ಯಾರಾವನ್ನು ತಿದ್ದಬೇಕು. ನೀವು ಊಹಿಸದ ಪದವೊಂದು ಕಂಡರೆ ಅದು ಚಿನ್ನ. ‘ನಿವೃತ್ತಿ ಹಾಡು’ ಎಂಬುದರಿಂದ ಹತ್ತಾರು ಜನ ಬಂದಿದ್ದರೆ, ಮೊದಲ ಸಾಲಿನಲ್ಲಿ ‘ನಿವೃತ್ತಿ’ಯನ್ನು ‘ಬೀಳ್ಕೊಡುಗೆ’ಗಿಂತ ಮುಂದಕ್ಕೆ ತನ್ನಿ. ಹುಡುಕಾಟದಲ್ಲಿ ಕಾಣುತ್ತಿದ್ದೂ ಜನ ಒತ್ತುತ್ತಿಲ್ಲವಾದರೆ ಡಿಸ್ಕ್ರಿಪ್ಷನ್ ಮುಟ್ಟಬೇಡಿ, ತೊಂದರೆ ಥಂಬ್‌ನೇಲ್‌ನಲ್ಲಿ ಅಥವಾ ಶೀರ್ಷಿಕೆಯಲ್ಲಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಮುಂದಿನ ತಿಂಗಳ ಪದಗಳ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ.